ಪೂರ್ವಮತಗಳ ಪಟ್ಟಿಯೂ ಸಮನ್ವಯವೂ

ಸಂಶೋಧನ ಲೇಖನಗಳಲ್ಲಿ ಪೂರ್ವವಿದ್ವಾಂಸರ ಮತಗಳನ್ನು ನಿರೂಪಿಸುವ ಭಾಗವು ಅನೇಕವೇಳೆ ಬರಿಯ ಹೆಸರುಗಳ ಪಟ್ಟಿಯಾಗಿ ಪರಿಣಮಿಸುವುದುಂಟು. ಕವಿರಾಜಮಾರ್ಗದ ಕರ್ತೃತ್ವವಿಚಾರವನ್ನೇ ನೋಡಬಹುದು. 1898ರಲ್ಲಿ ಗ್ರಂಥವನ್ನು ಪ್ರಕಟಿಸಿದ ಕೆ. ಬಿ. ಪಾಠಕರು ನೃಪತುಂಗನೇ ಕರ್ತೃವೆಂದರು, ಫ್ಲೀಟರು ಕವೀಶ್ವರನೆಂದರು, ಎಂ. ವಿ. ಸೀತಾರಾಮಯ್ಯನವರು ಶ್ರೀವಿಜಯನೆಂದರು ಎಂದು ಬರೆದು ಮುಗಿಸಿದರೆ, ಈ ವಾಕ್ಯಗಳ ಕ್ರಮವನ್ನು ಬದಲಿಸಿದರೂ ಏನೂ ಕೆಡದು. ಏನೂ ಕೆಡದಿರುವುದೇ ದೋಷದ ಗುರುತು.

ಸಮನ್ವಯಕ್ಕೆ ವ್ಯಕ್ತಿಯಲ್ಲ, ಪ್ರಶ್ನೆಯೇ ಆಧಾರವಾಗಬೇಕು. ಮೊದಲು ಒಮ್ಮತವನ್ನು ಹೇಳುವುದು, ಬಳಿಕ ಭೇದದ ಮೂಲವನ್ನು ತೋರಿಸುವುದು. ಆಗ ವಾಕ್ಯವೃಂದವು ಹೀಗಾದೀತು:

‘ಗ್ರಂಥವು ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಶ್ರಯದಲ್ಲಿ ಹುಟ್ಟಿತೆಂಬುದರಲ್ಲಿ ಈ ವಿದ್ವಾಂಸರಿಗೆ ಭೇದವಿಲ್ಲ. ಭೇದವಿರುವುದು ರಾಜನಿಗೂ ರಚನೆಗೂ ಇದ್ದ ಸಂಬಂಧದಲ್ಲಿ. ಪಾಠಕರು ರಾಜನನ್ನೇ ಕರ್ತೃವೆಂದು ಬಗೆದರು. ಆದರೆ ಪರಿಚ್ಛೇದಾಂತ್ಯದ “ನೃಪತುಂಗದೇವಾನುಮತ” ಎಂಬ ಮಾತಿಗೆ ರಾಜನು ಒಪ್ಪಿದ್ದು ಎಂಬುದೇ ಸಹಜಾರ್ಥವಾದುದರಿಂದ, ಬರೆದವನು ಆಸ್ಥಾನಕವಿಯೆಂಬ ಪಕ್ಷಕ್ಕೆ ಬಲವುಂಟು. ಫ್ಲೀಟರೂ ಸೀತಾರಾಮಯ್ಯನವರೂ ಈ ಪಕ್ಷದವರೇ. ಕವಿಯ ಹೆಸರಿನಲ್ಲಿ ಮಾತ್ರ ಬೇರೆಯಾಗುವರು. ದುರ್ಗಸಿಂಹನು ಶ್ರೀವಿಜಯನ ಕವಿಮಾರ್ಗವನ್ನು ಸ್ಮರಿಸಿರುವುದು ಎರಡನೆಯವರ ಮತಕ್ಕೆ ಪೋಷಕ. ಕವಿಮಾರ್ಗವೂ ಕವಿರಾಜಮಾರ್ಗವೂ ಒಂದೇ ಎಂದು ಒಪ್ಪಿದಾಗ ಮಾತ್ರ ಇದು ನಿಲ್ಲುವುದು.’

ಇಲ್ಲಿ ಒಂದು ವಾಕ್ಯವನ್ನು ಸರಿಸಿದರೂ ವಾದವು ಮುರಿಯುವುದು. ಮುಂದಿನ ಸಂಶೋಧಕನು ಪರೀಕ್ಷಿಸಬೇಕಾದುದು ಯಾವುದೆಂಬುದೂ ಕೊನೆಯ ವಾಕ್ಯದಿಂದ ತಾನಾಗಿ ತಿಳಿಯುವುದು. ಆದರೆ ಎಚ್ಚರವೊಂದು ಬೇಕು: ರಾಜಕರ್ತೃತ್ವವನ್ನು ನಿರಾಕರಿಸಿದವರೆಲ್ಲರೂ ಒಂದೇ ಮತದವರೆಂದು ಕೂಡಿಸಿಬಿಟ್ಟರೆ, ಅದು ಸಮನ್ವಯವಲ್ಲ, ಸಂಕರವೆನಿಸುವುದು.