ಬೀಳಲು ಎಷ್ಟು ಚೌಕ ಬೇಕು?

ಕಳೆದ ವಾರ ಹೇಳಿದಂತೆ ಈ ವಾರದ ವಿಷಯ ಪುಟ ಮಗುಚುವ ಜಾಗ. ಪುಸ್ತಕ ಬಿಚ್ಚಿದರೆ ಎಡಕ್ಕೆ ಸಮಸಂಖ್ಯೆಯ ಪುಟ, ಬಲಕ್ಕೆ ಬೆಸಸಂಖ್ಯೆಯ ಪುಟ. ಓದುಗರ ಕಣ್ಣಿಗೆ ಎರಡೂ ಒಟ್ಟಿಗೇ ಬೀಳುತ್ತವೆ. ಕಥೆಯ ಗುಟ್ಟನ್ನು 5ನೇ ಪುಟದ ನಡುವೆ ಇಟ್ಟರೆ, 4ನೇ ಪುಟ ಓದುತ್ತಿರುವಾಗಲೇ ಅದು ಓರೆಗಣ್ಣಿಗೆ ಸಿಕ್ಕಿಬಿಡುತ್ತದೆ. ಅದಕ್ಕೇ 5ರ ಕೊನೆಯ ಚೌಕದಲ್ಲಿ ಬಾಗಿಲ ಚಿಲಕದ ಮೇಲೆ ಕೈ, 6ರ ಮೊದಲ ಚೌಕದಲ್ಲಿ ಬಾಗಿಲಾಚೆಗಿನ ದೃಶ್ಯ. ಕಾಮಿಕ್ಸ್ ಸ್ಕ್ರಿಪ್ಟ್ ಬರೆಯುವವರು ಮೊದಲು ಹಾಕುವ ಲೆಕ್ಕವೇ ಇದು.

ಉದಾಹರಣೆಗೆಂದು ಕಪಾಟಿನಿಂದ ‘ಮಾಸ್ಟರ್ ರೇಸ್’ ತೆಗೆದದ್ದೇ ತಡ, ಬರಹ ಬೇರೆ ದಾರಿ ಹಿಡಿಯಿತು. ಆ ಕಥೆಯ ಬಲ ಇರುವುದು ಪುಟ ಮಗುಚುವುದರಲ್ಲಿ ಅಲ್ಲ, ಚೌಕ ಕತ್ತರಿಸುವುದರಲ್ಲಿ.

1955ರಲ್ಲಿ ಅಮೆರಿಕದ ಇಸಿ ಕಾಮಿಕ್ಸ್ ‘ಇಂಪ್ಯಾಕ್ಟ್’ ಎಂಬ ಹೊಸ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಇದನ್ನು ಅಚ್ಚು ಹಾಕಿತು. ಬರವಣಿಗೆ ಆಲ್ ಫೆಲ್ಡ್‌ಸ್ಟೈನ್ ಅವರದು, ಚಿತ್ರ ಬರ್ನಾರ್ಡ್ ಕ್ರಿಗ್‌ಸ್ಟೈನ್ ಅವರದು. ಇಸಿಯಲ್ಲಿ ಕೆಲಸ ನಡೆಯುತ್ತಿದ್ದ ಕ್ರಮ ಗೊತ್ತಿದ್ದರೆ ಈ ಕಥೆಯ ಸಾಹಸ ಅರ್ಥವಾಗುತ್ತದೆ. ಅಲ್ಲಿ ಕಲಾವಿದರ ಕೈಗೆ ಖಾಲಿ ಹಾಳೆ ಬರುತ್ತಿರಲಿಲ್ಲ. ಚೌಕಗಳ ಗೆರೆ ಎಳೆದು, ಅಕ್ಷರಗಳನ್ನು ಅಚ್ಚುಪಟ್ಟಿ ಇಟ್ಟು ಬರೆದು ಮುಗಿಸಿದ ಹಾಳೆ ಬರುತ್ತಿತ್ತು. ಮಾತು ಎಷ್ಟು ಜಾಗ ತಿಂದಿತೋ ಅದರ ಕೆಳಗೆ ಉಳಿದದ್ದು ಚಿತ್ರಕ್ಕೆ. ಯಾವ ಕ್ಷಣಕ್ಕೆ ಎಷ್ಟು ಚೌಕ ಎಂಬುದನ್ನೂ ಮಾತೇ ತೀರ್ಮಾನಿಸಿರುತ್ತಿತ್ತು.

ಈ ಅಂಕಣಕ್ಕೂ ಆ ಪಂಥಕ್ಕೂ ಹಳೆಯ ಜಗಳ. ಚೌಕದ ನೆತ್ತಿಯ ಮೇಲಿನ ಪೆಟ್ಟಿಗೆಯಲ್ಲಿ ‘ರಾಜ ಕೋಪದಿಂದ ಎದ್ದು ನಿಂತ’ ಎಂದು ಬರೆದು, ಕೆಳಗೆ ಕೋಪದಿಂದ ಎದ್ದು ನಿಂತ ರಾಜನನ್ನೇ ಬಿಡಿಸುವುದು ಒಂದೇ ಮಾತನ್ನು ಎರಡು ಸಲ ಹೇಳಿದಂತೆ. ಓದುಗರು ಪೆಟ್ಟಿಗೆ ಓದಿ ಮುಂದಿನ ಪೆಟ್ಟಿಗೆಗೆ ಹಾರುತ್ತಾರೆ, ಚಿತ್ರ ನೋಡುವುದೇ ಇಲ್ಲ. ಪರೀಕ್ಷೆ ಸುಲಭ. ಪೆಟ್ಟಿಗೆಗಳನ್ನೆಲ್ಲ ಕಾಗದದ ಚೂರಿನಿಂದ ಮುಚ್ಚಿ ಪುಟ ನೋಡಬೇಕು. ಕಥೆ ಪೂರ್ತಿ ತಿಳಿದರೆ ಪೆಟ್ಟಿಗೆ ಬೇಕಿರಲಿಲ್ಲ. ಏನೂ ತಿಳಿಯದಿದ್ದರೆ ಚೌಕಗಳ ವಿಂಗಡಣೆಯೇ ತಪ್ಪಿದೆ.

ಕ್ರಿಗ್‌ಸ್ಟೈನ್‌ಗೆ ಕೊಟ್ಟದ್ದು 6 ಪುಟ. ಅವರು 12 ಕೇಳಿದರು. ಕೊನೆಗೆ ದಕ್ಕಿದ್ದು 8. ಮೊದಲೇ ಬರೆದಿದ್ದ ಅಕ್ಷರಗಳನ್ನು ಹಾಳೆಯಿಂದ ಕತ್ತರಿಸಿ ತೆಗೆದು, ಹೊಸ ಚೌಕಗಳ ಮೇಲೆ ತಮಗೆ ಬೇಕಾದಂತೆ ಅಂಟಿಸಿದರು. ಹಾಗೆ ಮಾಡಿದ್ದರಿಂದ ಮಾತಿಲ್ಲದ ಚೌಕಗಳಿಗೆ ಜಾಗ ಸಿಕ್ಕಿತು.

ಕಥೆ ಇಷ್ಟೇ. ಕಾರ್ಲ್ ರೈಸ್‌ಮನ್ ಎಂಬವನು ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕೂತಿದ್ದಾನೆ. ಕಪ್ಪು ಉಡುಪಿನ ಒಬ್ಬ ಹತ್ತುತ್ತಾನೆ. ಅವನನ್ನು ಕಂಡೊಡನೆ ರೈಸ್‌ಮನ್‌ನ ಮನಸ್ಸು ನಾಜಿಗಳ ಜರ್ಮನಿಗೆ, ಬೆಲ್ಸೆನ್ ಶಿಬಿರಕ್ಕೆ ಓಡುತ್ತದೆ. ಪೆಟ್ಟಿಗೆಗಳೆಲ್ಲ ಅವನನ್ನು ‘ನೀನು’ ಎಂದು ಕರೆದು ಮಾತಾಡುತ್ತವೆ. ಅವನು ಶಿಬಿರದಲ್ಲಿ ಇದ್ದನೆಂದು ಗೊತ್ತಾಗುತ್ತದೆ, ಮುಳ್ಳುತಂತಿಯ ಯಾವ ಬದಿಯಲ್ಲಿ ಇದ್ದನೆಂದು ಗೊತ್ತಾಗುವುದಿಲ್ಲ. ಹೆದರಿ ನಡುಗುವವನನ್ನು ಕಂಡು ಓದುಗರು ಅವನನ್ನು ಸೆರೆಯಾಳೆಂದೇ ನಂಬಿಕೊಳ್ಳುತ್ತಾರೆ. ಅವನು ಆ ಶಿಬಿರದ ಅಧಿಕಾರಿ ಎಂಬುದು ಕಥೆಯ ಕೊನೆ ಹತ್ತಿರ ಬಂದಾಗ ಬಯಲಾಗುತ್ತದೆ. ಇದು ಫೆಲ್ಡ್‌ಸ್ಟೈನ್ ಅವರ ಜಾಣ್ಮೆ, ಅದನ್ನು ಒಪ್ಪಲೇಬೇಕು. ಚಿತ್ರ ತೋರಿಸಿದ್ದನ್ನು ಮತ್ತೆ ಹೇಳುವ ಪೆಟ್ಟಿಗೆ ಬೇರೆ, ತಪ್ಪು ಊಹೆಗೆ ದಾರಿ ಬಿಟ್ಟು ಸುಮ್ಮನಿರುವ ಪೆಟ್ಟಿಗೆ ಬೇರೆ.

ಗುಟ್ಟು ಒಡೆದ ಮೇಲಿನದು ಪೂರ್ತಿ ಕ್ರಿಗ್‌ಸ್ಟೈನ್ ಅವರದು. ರೈಸ್‌ಮನ್ ಪ್ಲಾಟ್‌ಫಾರ್ಮಿನ ಮೇಲೆ ಓಡುತ್ತಾನೆ, ಜಾರುತ್ತಾನೆ, ಬರುತ್ತಿರುವ ರೈಲಿನ ಮುಂದೆ ಬೀಳುತ್ತಾನೆ. ಸ್ಕ್ರಿಪ್ಟಿನಲ್ಲಿ ಇದು ಒಂದು ವಾಕ್ಯ, ಹೆಚ್ಚೆಂದರೆ ಎರಡು ಚೌಕ. ಕ್ರಿಗ್‌ಸ್ಟೈನ್ ಅದನ್ನು ಬೆರಳಿನಷ್ಟು ಕಿರಿದಾದ ಉದ್ದುದ್ದ ಚೌಕಗಳಾಗಿ ಸೀಳಿದರು. ಒಂದರಿಂದ ಇನ್ನೊಂದಕ್ಕೆ ದೇಹ ವಾಲುವುದು ಸ್ವಲ್ಪವೇ. ಕಣ್ಣು ಪ್ರತಿ ಗೆರೆಯಲ್ಲೂ ತಡೆದು ನಿಲ್ಲುವುದರಿಂದ ಕ್ಷಣಾರ್ಧದ ಬೀಳುವಿಕೆ ಲಂಬಿಸುತ್ತದೆ. ಆಮೇಲೆ ರೈಲು ಹಾದು ಹೋಗುವಾಗ ಕಿಟಕಿಯಲ್ಲಿನ ಅದೇ ಮುಖಗಳು ಒಂದೇ ಚೌಕದಲ್ಲಿ ಮತ್ತೆ ಮತ್ತೆ ಮೂಡುತ್ತವೆ. ಬೀಳುವಾಗ ಕಾಲವನ್ನು ಹಿಗ್ಗಿಸಿದವರು ರೈಲು ಬಂದಾಗ ಅದನ್ನು ಒಂದೇ ಚೌಕಕ್ಕೆ ತುರುಕಿದರು. ಸತ್ತ ದೇಹವನ್ನು ಬಿಡಿಸುವ ಅಗತ್ಯವೇ ಬೀಳಲಿಲ್ಲ. ಆರ್ಟ್ ಸ್ಪೀಗಲ್‌ಮನ್ ಇನ್ನಿಬ್ಬರೊಂದಿಗೆ ಕೂಡಿ ಈ ಎಂಟು ಪುಟಗಳ ಮೇಲೆ ಒಂದು ದೀರ್ಘ ವಿಶ್ಲೇಷಣೆಯನ್ನೇ ಬರೆದರು.

ಇದನ್ನು ಕಲಾವಿದನ ಕತ್ತರಿಗೆ ಬಿಡದೆ ಬರೆಯುವವರೇ ಮಾಡಿಕೊಳ್ಳಬಹುದು. ಒಂದು ಸನ್ನಿವೇಶ ನೋಡೋಣ. ಹೊಸಬರ ಸ್ಕ್ರಿಪ್ಟಿನಲ್ಲಿ ಅದು ಹೀಗಿರುತ್ತದೆ: ‘ಚೌಕ 1. ಸಂಜೆ ಮನೆಗೆ ಬಂದ ತಾಯಿ ಬಾಗಿಲಲ್ಲಿ ಮಗನ ಶೂ ಕಂಡು ಒಳಗೆ ಓಡುತ್ತಾಳೆ, ಅವನು ಬಂದಿಲ್ಲವೆಂದು ತಿಳಿದು ನಿಲ್ಲುತ್ತಾಳೆ.’ ಬರುವುದು, ಕಾಣುವುದು, ಓಡುವುದು, ನಿಲ್ಲುವುದು ಸೇರಿ ನಾಲ್ಕು ಕ್ರಿಯೆ. ಒಂದು ಚೌಕದಲ್ಲಿ ಬಿಡಿಸಲು ಆಗುವುದು ಒಂದೇ.

ಬಿಡಿಸಿ ಬರೆದರೆ ಮೊದಲ ಚೌಕ ಅಗಲ: ಓಣಿ, ತರಕಾರಿ ಚೀಲ ಹಿಡಿದ ಹೆಂಗಸು, ದೂರದಲ್ಲಿ ಮನೆ. ಎರಡನೆಯದು ಚಿಕ್ಕದು: ಹೊಸ್ತಿಲ ಬಳಿ ಒದ್ದೆಯಾದ ಒಂದೇ ಒಂದು ಫುಟ್‌ಬಾಲ್ ಶೂ, ಹಿಮ್ಮಡಿಯ ಮೇಲೆ ದಪ್ಪ ಬಿಳಿ ಪಟ್ಟಿ. ಮೂರನೆಯದು ಅಷ್ಟೇ ಚಿಕ್ಕದು: ಅವಳ ಕಣ್ಣು. ನಾಲ್ಕು: ಮೆಟ್ಟಿಲ ಮೇಲೆ ಬಿದ್ದ ಚೀಲ, ಉರುಳುತ್ತಿರುವ ಟೊಮೆಟೊ, ಅವಳಿಲ್ಲ. ಐದು ಕಿರಿದು, ಉದ್ದ: ಕತ್ತಲ ಪಡಸಾಲೆಯಲ್ಲಿ ಓಡುತ್ತಿರುವ ಅವಳ ಬೆನ್ನು, ಆಚೆ ಕೋಣೆಯ ಬೆಳಕು. ಆರು: ಗಂಡ ನೆಲದ ಮೇಲೆ ಕೂತು ಇನ್ನೊಂದು ಶೂ ಉಜ್ಜಿ ತೊಳೆಯುತ್ತಿದ್ದಾನೆ. ಅವನ ತಲೆಯ ಮೇಲೆ ಗೋಡೆಯಲ್ಲಿ ಹಾರ ಹಾಕಿದ ಫೋಟೊ. ಚೆಂಡು ಹಿಡಿದು ನಿಂತ ಹುಡುಗ, ಕಾಲಲ್ಲಿ ಅದೇ ಬಿಳಿ ಪಟ್ಟಿಯ ಶೂ.

ಒಂದು ಮಾತೂ ಇಲ್ಲ. ಹಾರ ಹಾಕಿದ ಫೋಟೊ ಏನೆಂದು ನಮ್ಮಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಆದರೆ ಎಲ್ಲ ನಿಂತಿರುವುದು ಆ ಬಿಳಿ ಪಟ್ಟಿಯ ಮೇಲೆ. ಎರಡನೇ ಚೌಕದಲ್ಲಿ ಶೂ ದೂರದಿಂದ ಕಂಡರೆ, ಪಟ್ಟಿ ನೆರಳಲ್ಲಿ ಮುಳುಗಿದರೆ, ಆರನೆಯದು ಬರೀ ಶೂ ತೊಳೆಯುವ ಗಂಡಸಿನ ಚಿತ್ರವಾಗುತ್ತದೆ. ‘ಪಟ್ಟಿ ಸ್ಪಷ್ಟವಾಗಿ ಕಾಣಲಿ, ಮತ್ತೆ ಬರುತ್ತದೆ’ ಎಂದು ಸ್ಕ್ರಿಪ್ಟಿನಲ್ಲೇ ಬರೆಯಬೇಕು. ಮೂರನೇ ಚೌಕವನ್ನು ಕೈಬಿಟ್ಟರೆ ಚೀಲ ಕೈಜಾರಿ ಬಿದ್ದಂತೆ ಕಾಣುತ್ತದೆ, ಅವಳು ಎಲ್ಲವನ್ನೂ ಮರೆತು ಓಡಿದಂತೆ ಕಾಣುವುದಿಲ್ಲ.

ಇನ್ನೊಂದು ತೊಡಕಿದೆ. ಆರೂ ಚೌಕ ಒಂದೇ ಪುಟದಲ್ಲಿದ್ದರೆ, ಓಣಿಯ ಚಿತ್ರ ನೋಡುವ ಮೊದಲೇ ಕೆಳಗಿನ ಹಾರ ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ ಐದು ಚೌಕಗಳು ಬಲ ಪುಟದಲ್ಲಿ ಮುಗಿಯಬೇಕು. ಅವಳ ಬೆನ್ನು ಆ ಪುಟದ ಕೊನೆಯಂಚಿನಲ್ಲಿರಬೇಕು, ಆರನೆಯದು ಹಾಳೆ ಮಗುಚಿದ ಮೇಲೆ ಎಡ ಪುಟದ ತುದಿಯಲ್ಲಿ ತೆರೆದುಕೊಳ್ಳಬೇಕು. ಅಚ್ಚಿಗೆ ಹೋಗುವ ಹೊತ್ತಿನಲ್ಲಿ ನಡುವೆ ಒಂದೇ ಪುಟದ ಜಾಹೀರಾತು ಸೇರಿದರೆ ಎಡ ಬಲಗಳು ಅದಲುಬದಲಾಗಿ ಇಷ್ಟೂ ಲೆಕ್ಕ ಕೆಡುತ್ತದೆ. ಆ ಅಪಾಯಕ್ಕೆ ಬರೆಯುವವರು ಮೊದಲೇ ಮಾಡಿಕೊಳ್ಳಬಹುದಾದ ಏರ್ಪಾಡು ಮುಂದಿನ ವಾರಕ್ಕೆ.