ಕರಿ ಗೊಂಬೆಗಳು

ಸ್ಟುಟ್‌ಗಾರ್ಟ್‌ನಲ್ಲಿ ನವೆಂಬರ್ ಬಂತೆಂದರೆ ಸಂಜೆ ಐದಕ್ಕೇ ಕತ್ತಲು. ಇಡೀ ದಿನ ಕಾರಿನ ಬ್ರೇಕುಗಳ ಸಾಫ್ಟ್‌ವೇರ್ ಮುಂದೆ ಕೂತು ಕೋಣೆಗೆ ಮರಳಿದರೆ ಮೊಸರನ್ನ, ಮೈಸೂರಿನ ಅಮ್ಮನಿಗೊಂದು ಫೋನು, ನಿದ್ದೆ. ಶನಿವಾರ, ಭಾನುವಾರ ಬಾಯಿ ತೆರೆಯದೆ ಕಳೆದದ್ದೂ ಉಂಟು. ಬೀದಿ ಮೂಲೆಯ ಪಬ್ಬಿನ ಹಿಂದಿನ ಕೋಣೆಯಲ್ಲಿ ಗುರುವಾರಕ್ಕೊಮ್ಮೆ ಬೋರ್ಡ್ ಗೇಮ್ ಆಡುತ್ತಾರೆಂಬ ಚೀಟಿ ಕಂಡು, ಮೂರು ಗುರುವಾರ ಬಾಗಿಲವರೆಗೆ ಹೋಗಿ ವಾಪಸಾದೆ. ನಾಲ್ಕನೆಯ ಸಲ ಮಳೆ ಒಳಗೆ ತಳ್ಳಿತು.

ಮೇಜಿನ ಮೇಲೆ ಕಾರ್ಕಸೋನ್. ಕ್ಲೌಸ್-ಯೂರ್ಗನ್ ವ್ರೇಡೆ ರೂಪಿಸಿ, 2000ದಲ್ಲಿ ಹೊರಬಂದ ಆಟ. ನಿವೃತ್ತ ಮೇಡಂ ಒಬ್ಬರು, ಉಳಿದಿದ್ದ ಕರಿ ಬಣ್ಣದ ಎಂಟು ಮರದ ಗೊಂಬೆಗಳನ್ನು ನನ್ನತ್ತ ಸರಿಸಿದರು. ಒಂದು ಅಂಕದ ಹಲಗೆಗೆ, ಏಳು ನನ್ನ ಕೈಗೆ. ಸರದಿ ಬಂದಾಗ ಒಂದು ಬಿಲ್ಲೆ ಎತ್ತಿ, ದಾರಿಗೆ ದಾರಿ, ಕೋಟೆಗೆ ಕೋಟೆ ಕೂಡುವಂತೆ ಇಡಬೇಕು. ಬೇಕಿದ್ದರೆ ಅದರ ಮೇಲೊಂದು ಗೊಂಬೆ. ಕೋಟೆಯಲ್ಲಿ ನಿಂತದ್ದು ಕೋಟೆ ಪೂರ್ತಿಯಾದಾಗ ಕೈಗೆ ಮರಳುತ್ತದೆ. ಹೊಲದಲ್ಲಿ ಮಲಗಿಸಿದ್ದು ರೈತ, ಆಟ ಮುಗಿಯುವವರೆಗೆ ಏಳುವುದಿಲ್ಲ. ಆ ಮಲಗುವ ಚೆಂದಕ್ಕೆ ಮರುಳಾಗಿ ನಾಲ್ವರನ್ನು ಮಲಗಿಸಿಬಿಟ್ಟೆ. ಉಳಿದದ್ದು ಮೂರೇ. ಮೇಜಿಗೆ ಮೇಜೇ ನಕ್ಕಿತು, ನಾನೂ.

ಆಟದ ಸೊಗಸು ತಿಳಿದದ್ದು ಅದಾದ ಮೇಲೆ. ಒಬ್ಬರು ನಿಂತಿರುವ ಕೋಟೆಯೊಳಗೆ ಇನ್ನೊಬ್ಬರು ನೇರವಾಗಿ ಗೊಂಬೆ ಇಡುವಂತಿಲ್ಲ. ಪಕ್ಕದಲ್ಲಿ ಬೇರೆಯದೇ ಗೋಡೆ ಕಟ್ಟಿ, ಮುಂದೊಂದು ಬಿಲ್ಲೆಯಿಂದ ಎರಡನ್ನೂ ಬೆಸೆಯಬಹುದು. ಟ್ರಾಮ್ ಓಡಿಸಿ ನಿವೃತ್ತರಾದ ಹಿರಿಯರೊಬ್ಬರ ಕೋಟೆಯ ಮಗ್ಗುಲಲ್ಲಿ ನಾನು ಹಾಗೆ ನಿಂತೆ. ನಡುವೆ ಒಂದು ಖಾಲಿ ಮನೆ. ಅದಕ್ಕೆ ಮೂರು ಕಡೆ ಕೋಟೆಯಿರುವ ಬಿಲ್ಲೆಯೇ ಬೇಕು. ಬಾರದಿದ್ದರೆ ಕೊನೆಗೆ ಇಬ್ಬರಿಗೂ ಬಿಲ್ಲೆಗೊಂದರಂತೆ ಪುಡಿ ಅಂಕ. ಚೌಕಾಬಾರದಲ್ಲಿ ಬೆಳೆದವನು ನಾನು. ನಮ್ಮನೆ ಲೆಕ್ಕದಲ್ಲಿ ಎದುರಾಳಿಯ ಕಾಯಿ ಕಡಿಯದೆ ಒಳಮನೆಗೆ ಪ್ರವೇಶವಿಲ್ಲ. ಇವರು ನನ್ನನ್ನು ಹೊರಗಟ್ಟುತ್ತಾರೆಂದೇ ಕಾದೆ. ಆ ಬಿಲ್ಲೆ ಬಂದದ್ದು ಅವರ ಕೈಗೇ. ಬೆರಳಲ್ಲಿ ಎರಡು ಸಲ ತಿರುಗಿಸಿ ನೋಡಿ, ಟಪ್ಪೆಂದು ಖಾಲಿ ಮನೆಗೇ ಇಟ್ಟರು. ಕೋಟೆ ಪೂರ್ತಿ. ಎಂಟು ಬಿಲ್ಲೆ, ಎರಡು ಗುರಾಣಿ: ತಲಾ ಎರಡರಂತೆ ಇಪ್ಪತ್ತು ಅಂಕ. ಇಬ್ಬರ ಗೊಂಬೆಯೂ ಒಂದೊಂದೇ ಇದ್ದರೆ ಇಲ್ಲಿ ಹತ್ತು-ಹತ್ತಾಗಿ ಹಂಚುವುದಿಲ್ಲ. ಅವರಿಗೂ ಇಪ್ಪತ್ತು, ನನಗೂ ಇಪ್ಪತ್ತು. ಗಣಿತ ಓದಿದವನಿಗೆ ಇದೆಂಥ ಲೆಕ್ಕ ಅನ್ನಿಸಿತು.

ಆಮೇಲೆ ಗುರುವಾರ ತಪ್ಪಿಸಲಿಲ್ಲ. ಫೆಬ್ರವರಿಯಲ್ಲೊಮ್ಮೆ ರೈಲು ಕೈಕೊಟ್ಟು ಮುಕ್ಕಾಲು ಗಂಟೆ ತಡವಾಯಿತು. ಓಡುತ್ತಾ ಒಳಗೆ ಹೋದೆ. ಆರಂಭದ ಬಿಲ್ಲೆ ಒಂದೇ ಮೇಜಿನ ನಡುವೆ ಕೂತಿತ್ತು. ನನ್ನ ಖಾಲಿ ಕುರ್ಚಿಯೆದುರು ಕರಿ ಗೊಂಬೆಗಳ ಸಾಲು. ಆರು ನಿಂತಿದ್ದವು, ಒಂದನ್ನು ಅಂಗಾತ ಮಲಗಿಸಿದ್ದರು.

“ರೈತ ಇನ್ನೂ ಎದ್ದಿಲ್ಲ ಅಂದುಕೊಂಡೆವು,” ಎಂದರು ಟ್ರಾಮಿನ ಹಿರಿಯರು.