ಪೀತಾಂಬರಕ್ಕೆ ಎರಡು ವಿಗ್ರಹ

ಗೆಳೆಯರಾದ ಕನ್ನಡ ಮೇಷ್ಟ್ರೊಬ್ಬರು ತಮ್ಮ ಹತ್ತನೆಯ ತರಗತಿಯ ಹುಡುಗಿ ಬರೆದ ಒಂದು ಪುಟದ ಪತ್ರವನ್ನು ನನಗೆ ಓದಲು ಕೊಟ್ಟರು. ಕಿರುಪರೀಕ್ಷೆಯಲ್ಲಿ ‘ಪೀತಾಂಬರ’ ಪದವನ್ನು ವಿಗ್ರಹಿಸಿ ಸಮಾಸ ಹೆಸರಿಸಲು ಕೇಳಿದ್ದರು. ವಿಗ್ರಹಕ್ಕೆ 1 ಅಂಕ, ಹೆಸರಿಗೆ 1. ಮೇಷ್ಟ್ರ ಮನಸ್ಸಿನಲ್ಲಿದ್ದ ಉತ್ತರ ‘ಪೀತವಾದ ಅಂಬರ, ಕರ್ಮಧಾರಯ’. ಹುಡುಗಿ ಬರೆದದ್ದು ‘ಪೀತವಾದ ಅಂಬರವನ್ನು ಉಟ್ಟವನು ಯಾರೋ ಅವನು, ವಿಷ್ಣು, ಬಹುವ್ರೀಹಿ’. ಎರಡೂ ಅಂಕ ಹೋಗಿದ್ದವು.

‘ಗೌರವಾನ್ವಿತ ಸರ್, ತಾವು ಕೊಟ್ಟ ಉತ್ತರ ಸರಿಯಾಗಿಯೇ ಇದೆ. ನಾನು ಬರೆದದ್ದೂ ಸರಿ ಇರಬಹುದೇ ಎಂದು ಇನ್ನೊಮ್ಮೆ ನೋಡಬೇಕೆಂದು ಕೇಳಿಕೊಳ್ಳುತ್ತೇನೆ’ ಎಂದು ಪತ್ರ ಶುರುವಾಗುತ್ತದೆ. ಇದನ್ನು ಬರಿಯ ವಿನಯವೆಂದು ಓದಿದರೆ ಪತ್ರದ ಬಲ ತಿಳಿಯುವುದಿಲ್ಲ. ಮೇಷ್ಟ್ರ ಉತ್ತರ ತಪ್ಪೆಂದು ವಾದಿಸಿದ್ದರೆ ಅವಳೇ ವ್ಯಾಕರಣದಲ್ಲಿ ತಪ್ಪುತ್ತಿದ್ದಳು. ಬಟ್ಟೆ ಎಂಬ ಅರ್ಥದಲ್ಲಿ ಪೀತಾಂಬರ ಕರ್ಮಧಾರಯವೇ, ಅದರಲ್ಲಿ ಎರಡನೆಯ ಮಾತಿಲ್ಲ. ಎರಡೂ ನಿಲ್ಲುತ್ತವೆ ಎನ್ನುವುದಷ್ಟೇ ಇಲ್ಲಿ ಸತ್ಯ. ಅವಳು ಅಷ್ಟನ್ನೇ ಹೇಳಿದ್ದಾಳೆ.

ಪತ್ರದ ಜೀವ ಇರುವುದು ನಡುವಿನ ಎರಡು ವಾಕ್ಯಗಳಲ್ಲಿ. ‘ಕೃಷ್ಣನು ಪೀತಾಂಬರವನ್ನು ಉಟ್ಟನು’ ಎಂದರೆ ಬಟ್ಟೆ, ‘ಪೀತಾಂಬರನು ಒಲಿದನು’ ಎಂದರೆ ವಿಷ್ಣು. ಪ್ರಶ್ನೆಪತ್ರಿಕೆಯಲ್ಲಿ ಪದ ಒಂಟಿಯಾಗಿತ್ತು, ವಾಕ್ಯ ಇರಲಿಲ್ಲ ಎಂದು ಬರೆದಿದ್ದಾಳೆ. ಗೊಂದಲ ಹುಟ್ಟಿದ್ದು ಸರಿಯಾಗಿ ಅಲ್ಲೇ. ಸಂಸ್ಕೃತದಲ್ಲಾದರೆ ಬಟ್ಟೆ ನಪುಂಸಕಲಿಂಗ, ಉಟ್ಟವನು ಪುಲ್ಲಿಂಗ. ಪದದ ಕೊನೆಯೇ ಬೇರೆಯಾಗುತ್ತದೆ. ಕನ್ನಡಕ್ಕೆ ಬರುವಾಗ ಆ ಪ್ರತ್ಯಯ ಕಳಚಿ ಬೀಳುತ್ತದೆ, ಎರಡಕ್ಕೂ ‘ಪೀತಾಂಬರ’ ಎಂಬ ಒಂದೇ ಪ್ರಕೃತಿ ಉಳಿಯುತ್ತದೆ. ಅಚ್ಚಗನ್ನಡದ ‘ಮುಕ್ಕಣ್ಣು’ ‘ಮುಕ್ಕಣ್ಣ’ಗಳಲ್ಲಿ ಈ ತೊಡಕಿಲ್ಲ. ಉಕಾರ ಇದ್ದರೆ ಮೂರು ಕಣ್ಣು, ದ್ವಿಗು. ಅಕಾರ ಬಂದರೆ ಶಿವ, ಬಹುವ್ರೀಹಿ. ಹಾಗಾಗಿ ‘ಮುಕ್ಕಣ್ಣ’ ಎಂಬ ಪ್ರಶ್ನೆಗೆ ದ್ವಿಗು ಎಂದು ಬರೆದವರು ಇಂಥ ಪತ್ರ ಬರೆದು ಗೆಲ್ಲಲಾರರು.

ಸಮಾಸದ ಇಬ್ಬಗೆ ಹಳೆಯದು. ತೈತ್ತಿರೀಯ ಸಂಹಿತೆಯಲ್ಲಿ ತ್ವಷ್ಟೃ ಇಂದ್ರನನ್ನು ಕೊಲ್ಲುವವನು ಹುಟ್ಟಲೆಂದು ‘ಇಂದ್ರಶತ್ರು’ ಎಂದು ಹೇಳಿ ಆಹುತಿ ಕೊಡುತ್ತಾನೆ. ಸ್ವರ ತಪ್ಪಿದ್ದರಿಂದ ತತ್ಪುರುಷವಾಗಬೇಕಿದ್ದುದು ಬಹುವ್ರೀಹಿಯಾಗಿ, ಹುಟ್ಟಿದ ವೃತ್ರನಿಗೆ ಇಂದ್ರನೇ ಕೊಲ್ಲುವವನಾದ. ಪತಂಜಲಿ ಮಹಾಭಾಷ್ಯದ ಆರಂಭದಲ್ಲೇ ಇದನ್ನು ಎತ್ತಿಕೊಳ್ಳುತ್ತಾನೆ. ಅಲ್ಲಿ ಅರ್ಥವನ್ನು ಬೇರ್ಪಡಿಸಲು ಸ್ವರವಾದರೂ ಇತ್ತು. ಅಚ್ಚಾದ ಪ್ರಶ್ನೆಗೆ ಸ್ವರವೂ ಇಲ್ಲ, ವಿಭಕ್ತಿಯೂ ಇರಲಿಲ್ಲ.

ಹುಡುಗಿಯ ಕೋರಿಕೆ ನಿಲ್ಲಲು ಇನ್ನೊಂದು ಕಾರಣ ಪತ್ರದಲ್ಲಲ್ಲ, ಉತ್ತರಪತ್ರಿಕೆಯಲ್ಲಿದೆ. ವಿಗ್ರಹವಾಕ್ಯವನ್ನು ಅವಳು ‘ಯಾರೋ ಅವನು’ ಎನ್ನುವವರೆಗೆ ಪೂರ್ತಿ ಬರೆದಿದ್ದಳು. ಬಹುವ್ರೀಹಿ ಎಂಬ ಹೆಸರನ್ನಷ್ಟೇ ಬರೆದಿದ್ದರೆ, ಅದು ತಿಳಿದು ಬರೆದದ್ದೋ ಊಹೆಯೋ ಎಂದು ಹೇಳಲು ಯಾವ ಮೇಷ್ಟ್ರಿಗೂ ಆಗುತ್ತಿರಲಿಲ್ಲ. ಪರೀಕ್ಷೆಯ ದಿನ ಮನಸ್ಸಿನಲ್ಲಿದ್ದುದನ್ನು ಆಮೇಲೆ ಪತ್ರದಲ್ಲಿ ವಿವರಿಸಿದರೆ ಅಂಕ ಕೊಡಲಾಗದು. ಪತ್ರ ಮಾಡಬೇಕಾದದ್ದು ಹಾಳೆಯ ಮೇಲೆ ಆಗಲೇ ಇರುವುದನ್ನು ತೋರಿಸುವುದು. ‘ಪ್ರಶ್ನೆ 7, ಮೂರನೆಯ ಪುಟದ ಕೆಳಗೆ’ ಎಂದು ಅವಳು ಜಾಗವನ್ನೂ ಹೇಳಿದ್ದಾಳೆ. ಆ ಪರೀಕ್ಷೆಯಲ್ಲಿ ಅವಳಿಗೆ ಬೇರೆ ಕಡೆಯೂ ಅಂಕ ಹೋಗಿತ್ತಂತೆ. ಅವುಗಳ ಸುದ್ದಿ ತೆಗೆದಿಲ್ಲ.

ಕೊನೆಯ ಪ್ಯಾರಾ ನನಗೆ ಒಪ್ಪಿಗೆಯಾಗಲಿಲ್ಲ. ಈ 2 ಅಂಕ ಬಂದರೆ ತರಗತಿಗೆ ತಾನೇ ಮೊದಲಿಗಳಾಗುತ್ತೇನೆಂದೂ, ಮನೆಯಲ್ಲಿ ಅಣ್ಣನೂ ತನ್ನ ಉತ್ತರವೇ ಸರಿ ಎಂದನೆಂದೂ ಬರೆದಿದ್ದಾಳೆ. ಅಣ್ಣನ ಮಾತು ವ್ಯಾಕರಣಕ್ಕೆ ಆಧಾರವಲ್ಲ, ಮೊದಲ ಸ್ಥಾನದ ಆಸೆ ಸಮಾಸದ ಹೆಸರನ್ನು ಬದಲಿಸುವುದಿಲ್ಲ. ಅಲ್ಲಿಯವರೆಗೆ ಪದದ ಬಗ್ಗೆ ಇದ್ದ ಪತ್ರ ಅಲ್ಲಿ ಅಂಕದ ಬಗ್ಗೆ ಆಗಿಬಿಡುತ್ತದೆ. ಆ ಎರಡು ಸಾಲು ಹೊಡೆದುಹಾಕಿ ‘ತಮ್ಮ ವಿಧೇಯ ವಿದ್ಯಾರ್ಥಿನಿ’ ಎಂದು ಮುಗಿಸಿದ್ದರೆ ಪತ್ರಕ್ಕೆ ಕುಂದಿರುತ್ತಿರಲಿಲ್ಲ. ಹೀಗಿದ್ದರೂ ಇದು ಒಳ್ಳೆಯ ಪತ್ರವೇ.

ಮೇಷ್ಟ್ರು ಅವಳಿಗೆ 2 ಅಂಕ ಕೊಟ್ಟು, ಇಡೀ ತರಗತಿಯ ಪತ್ರಿಕೆಗಳಲ್ಲಿ ಆ ಪ್ರಶ್ನೆಯನ್ನು ಮತ್ತೆ ನೋಡಿದರು. ಇನ್ನೂ ಮೂವರು ಬಹುವ್ರೀಹಿ ಎಂದು ಬರೆದಿದ್ದರು. ಇಬ್ಬರ ವಿಗ್ರಹ ಹೊಂದುತ್ತಿತ್ತು, ಅವರಿಗೂ 2 ಅಂಕ ಸಿಕ್ಕಿತು. ಮೂರನೆಯವನು ‘ಪೀತವಾದ ಅಂಬರ’ ಎಂದು ಬಿಡಿಸಿ ಬಹುವ್ರೀಹಿ ಎಂದಿದ್ದ. ಅವನಿಗೆ ವಿಗ್ರಹದ 1 ಅಂಕ ಮಾತ್ರ ಬಂತು.